ಅಮ್ಮ ಒಪ್ಪಿದ ಕೂಡಲೇ ಬೆಲೆ ಇಳಿಯುವುದೇಕೆ?

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ನಿಮ್ಮ ಮನೆ ಹೇಗಿರುತ್ತದೆ? ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಕಳೆದ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಆ ಹೊತ್ತಿಗೆ ಬಾಗಿಲು ಬಡಿದುಕೊಳ್ಳುವ ಸದ್ದು ತಪ್ಪದೆ ಕೇಳುತ್ತಿತ್ತು. ಕನ್ನಡ ಶಾಲೆ ಹತ್ತರಿಂದ ಹನ್ನೆರಡರವರೆಗೆ. ಏಳು ವರ್ಷದ ಮಗ ಖುಷಿಯಿಂದಲೇ ಹೋಗುತ್ತಾನೆ, ಅಲ್ಲಿ ಅವನ ಗೆಳೆಯರಿದ್ದಾರೆ, ಕೊನೆಗೆ ಬಿಸ್ಕತ್ತೂ ಸಿಗುತ್ತದೆ. ಹನ್ನೆರಡು ವರ್ಷದ ಮಗಳಿಗೆ ಮಾತ್ರ ಚಳಿಗಾಲದ ನೆಟ್‌ಬಾಲ್ ಶುರುವಾಗಿತ್ತು. ಪಂದ್ಯ ಒಂದು ವಾರ ಒಂಬತ್ತಕ್ಕೆ, ಮತ್ತೊಂದು ವಾರ ಹತ್ತಕ್ಕೆ, ಕೆಲವೊಮ್ಮೆ ಹನ್ನೊಂದಕ್ಕೆ. ಅವಳ ವಾದ ಒಂದೇ: ಕನ್ನಡ ಶಾಲೆ ಬಿಡುತ್ತೇನೆ. ನನ್ನದೂ ಒಂದೇ: ಬಿಡಕೂಡದು.

ಮೇ ತಿಂಗಳಲ್ಲಿ ನನಗೊಂದು ಸುಳಿವು ಸಿಕ್ಕಿತು. ಅವಳು ತನ್ನ ಅತ್ತೆಯ ಹತ್ತಿರ, ಅಂದರೆ ನನ್ನ ನಾದಿನಿಯ ಹತ್ತಿರ, ಫೋನಿನಲ್ಲಿ "ತಿಂಗಳಿಗೆ ಎರಡು ಶನಿವಾರ ಆದ್ರೆ ಓಕೆ ಅತ್ತೆ, ಎಲ್ಲಾ ಶನಿವಾರ ಆಗಲ್ಲ" ಅಂದಿದ್ದಳಂತೆ. ಸದ್ಯ, ದಾರಿ ಸಿಕ್ಕಿತು ಅಂದುಕೊಂಡೆ. ಆ ರಾತ್ರಿ ಊಟಕ್ಕೆ ಕೂತಾಗ, ದೊಡ್ಡ ಮನಸ್ಸು ಮಾಡಿದವಳ ಹಾಗೆ ಹೇಳಿದೆ: "ಆಯ್ತು ಕಣೇ, ಎಲ್ಲಾ ವಾರ ಬೇಡ. ತಿಂಗಳಿಗೆ ಎರಡು ಶನಿವಾರ ಹೋಗು ಸಾಕು."

ಅವಳು ತಟ್ಟೆಯಿಂದ ತಲೆ ಎತ್ತಲೂ ಇಲ್ಲ. "ಎರಡು ಯಾಕೆ? ಅದೂ ಜಾಸ್ತಿನೇ."

ತಾನೇ ಸರಿ ಅಂದಿದ್ದ ಲೆಕ್ಕ, ನನ್ನ ಬಾಯಿಂದ ಬಂದ ಕೂಡಲೇ ಅನ್ಯಾಯವಾಯಿತು. ಈ ಮಕ್ಕಳೇ ಹೀಗೆ ಅಂತ ನಾನು ಎರಡು ದಿನ ಗೊಣಗಿದೆ. ಆಮೇಲೆ ನಡೆದದ್ದನ್ನು ಹೇಳಲು ಸ್ವಲ್ಪ ನಾಚಿಕೆ, ಆದರೂ ಹೇಳುತ್ತೇನೆ. ಇದಕ್ಕೆ ಎರಡು ವಾರ ಮೊದಲು ಅವಳು ನನಗೊಂದು ಸಲಹೆ ಕೊಟ್ಟಿದ್ದಳು: "ಪಂದ್ಯ ಇರೋ ವಾರ ಕ್ಲಾಸ್ ಬೇಡಮ್ಮ, ಬದಲಿಗೆ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕನ್ನಡ ಓದಿ ತೋರಿಸ್ತೀನಿ." ನಾನು ಕುಕ್ಕರ್ ಮುಚ್ಚಳ ಹಾಕುತ್ತಲೇ "ತಪ್ಪಿಸ್ಕೊಳ್ಳೋಕೆ ಒಳ್ಳೇ ದಾರಿ ಹುಡುಕಿದ್ದೀಯ" ಅಂದಿದ್ದೆ. ಎರಡು ಶನಿವಾರದ ಜಗಳವಾದ ವಾರವೇ ಕನ್ನಡ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಟೀಚರ್ ಒಂದು ಸಂದೇಶ ಹಾಕಿದರು. ಕ್ರೀಡೆಯ ಕಾರಣ ತರಗತಿ ತಪ್ಪುವ ದೊಡ್ಡ ಮಕ್ಕಳು ವಾರದಲ್ಲಿ ಒಂದು ದಿನ ಇಪ್ಪತ್ತು ನಿಮಿಷ ಅಜ್ಜಿ ತಾತಂದಿರಿಗೆ ವಿಡಿಯೋ ಕಾಲ್‌ನಲ್ಲಿ ಗಟ್ಟಿಯಾಗಿ ಓದಲಿ, ಎಂದು. ನಾನು ತಕ್ಷಣ ಹೆಬ್ಬೆರಳಿನ ಚಿತ್ರ ಒತ್ತಿ, ಇನ್ನಿಬ್ಬರು ಗೆಳತಿಯರಿಗೂ ಕಳಿಸಿದೆ. ಎಷ್ಟು ಒಳ್ಳೆ ಐಡಿಯಾ ನೋಡಿ ಅಂತ ಗಂಡನಿಗೆ ಓದಿ ಹೇಳಿದೆ. ಅವರು ಪೇಪರಿನಿಂದ ಕಣ್ಣು ತೆಗೆಯದೆ ಕೇಳಿದರು: "ಇದನ್ನೇ ಅಲ್ವಾ ಅವಳು ಹೇಳಿದ್ದು?"

ಅದನ್ನೇ.

ಈ ರೋಗಕ್ಕೆ ಹೆಸರಿದೆ. ಮನಶ್ಶಾಸ್ತ್ರದವರು ಇದನ್ನು ರಿಯಾಕ್ಟಿವ್ ಡಿವ್ಯಾಲ್ಯುಯೇಷನ್ ಅನ್ನುತ್ತಾರೆ. ಎದುರು ಪಕ್ಷದವರ ಬಾಯಿಂದ ಬಂತು ಅನ್ನುವ ಒಂದೇ ಕಾರಣಕ್ಕೆ ಒಂದು ಸಲಹೆಯ ಬೆಲೆ ನಮ್ಮ ಕಣ್ಣಲ್ಲಿ ಇಳಿದುಹೋಗುವುದು. ಇದನ್ನು ಗುರುತಿಸಿ ಹೆಸರಿಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್ ಮತ್ತು ಕಾನ್‌ಸ್ಟನ್ಸ್ ಸ್ಟಿಲಿಂಜರ್. ಅದು 1980ರ ದಶಕ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ಇನ್ನೂ ಮುಗಿದಿರಲಿಲ್ಲ. ಇವರು ಅಮೆರಿಕದಲ್ಲಿ ದಾರಿಹೋಕರನ್ನು ನಿಲ್ಲಿಸಿ, ಎರಡೂ ದೇಶಗಳು ಅಣ್ವಸ್ತ್ರಗಳನ್ನು ಭಾರಿ ಪ್ರಮಾಣದಲ್ಲಿ ಕಡಿಮೆ ಮಾಡುವ ಒಂದು ಪ್ರಸ್ತಾಪವನ್ನು ವಿವರಿಸಿ, ಇದು ನಿಮ್ಮ ದೇಶಕ್ಕೆ ಹೇಗೆ ಅಂತ ಕೇಳಿದರು. ಎಲ್ಲರಿಗೂ ವಿವರಿಸಿದ ಪ್ರಸ್ತಾಪ ಒಂದೇ. ಅದನ್ನು ಮುಂದಿಟ್ಟವರ ಹೆಸರು ಮಾತ್ರ ಬೇರೆ ಬೇರೆ. ಇದು ನಮ್ಮ ಅಧ್ಯಕ್ಷ ರೇಗನ್ ಅವರದು ಅಂದಾಗ, ಅಮೆರಿಕಕ್ಕೆ ಅನುಕೂಲ ಅಥವಾ ಇಬ್ಬರಿಗೂ ಸಮ ಅಂದವರು ನೂರಕ್ಕೆ 90 ಮಂದಿ. ಹೆಸರಿಲ್ಲದ ಕೆಲವು ತಜ್ಞರದು ಅಂದಾಗ 80. ಸೋವಿಯತ್ ನಾಯಕ ಗೋರ್ಬಚೆವ್ ಅವರದು ಅಂದಾಗ 44.

ಎದುರಾಳಿಯ ಮೇಲೆ ಅನುಮಾನ ಇರುವುದು ಸಹಜ, ಇದರಲ್ಲೇನು ಹೊಸದು ಅನ್ನಬಹುದು ನೀವು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದೇ ತಂಡ ತಮ್ಮದೇ ವಿಶ್ವವಿದ್ಯಾಲಯದ ಅಂಗಳದಲ್ಲಿ ಮಾಡಿದ ಇನ್ನೊಂದು ಅಧ್ಯಯನ ಓದಿದ ಮೇಲೆ ನನ್ನ ಮನೆಯ ಊಟದ ಮೇಜು ನೆನಪಾಯಿತು.

ಆಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ. ಅಲ್ಲಿ ವ್ಯಾಪಾರ ಮಾಡುವ ಕಂಪನಿಗಳ ಷೇರುಗಳನ್ನೆಲ್ಲ ವಿಶ್ವವಿದ್ಯಾಲಯ ಮಾರಿಬಿಡಬೇಕು ಅಂತ ವಿದ್ಯಾರ್ಥಿಗಳು ಹೋರಾಡುತ್ತಿದ್ದರು. ಆಡಳಿತ ಮಂಡಳಿ ಪೂರ್ತಿ ಒಪ್ಪಲು ತಯಾರಿರಲಿಲ್ಲ. ಸಂಶೋಧಕರು ವಿದ್ಯಾರ್ಥಿಗಳ ಮುಂದೆ ಎರಡು ನಡುದಾರಿಗಳನ್ನು ಇಟ್ಟರು. ಒಂದು, ಅಲ್ಲಿನ ಸೇನೆ ಮತ್ತು ಪೊಲೀಸರ ಜತೆ ಕೆಲಸ ಮಾಡುವಂಥ ಕೆಲವು ಕಂಪನಿಗಳ ಷೇರುಗಳನ್ನು ಮಾತ್ರ ಈಗಲೇ ಮಾರುವುದು. ಇನ್ನೊಂದು, ಗಡುವು ಹಾಕಿ ಕಾಯುವುದು, ಎರಡು ವರ್ಷದಲ್ಲಿ ಅಲ್ಲಿ ಸುಧಾರಣೆ ಕಾಣದಿದ್ದರೆ ಆಗ ಎಲ್ಲವನ್ನೂ ಮಾರುವುದು. ಇವೆರಡರಲ್ಲಿ ಯಾವುದು ದೊಡ್ಡ ರಿಯಾಯಿತಿ ಅಂತ ಪ್ರಶ್ನೆ. ಕೆಲವು ವಿದ್ಯಾರ್ಥಿಗಳಿಗೆ ಆಡಳಿತ ಮಂಡಳಿ ಮೊದಲನೆಯದನ್ನು ಜಾರಿಗೆ ತರಲಿದೆ ಅಂದರು. ಕೆಲವರಿಗೆ ಎರಡನೆಯದು ಅಂದರು. ಯಾರಿಗೆ ಯಾವುದು ಕೈಗೆ ಬರಲಿದೆ ಅಂತ ಹೇಳಿದರೋ ಅವರಿಗೆ ಅದೇ ಸಣ್ಣದಾಗಿ ಕಂಡಿತು, ಸಿಗದೆ ಉಳಿದದ್ದು ದೊಡ್ಡದಾಗಿ ಕಂಡಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಎರಡೂ ಯೋಜನೆಗಳ ಬಗ್ಗೆ ವಿದ್ಯಾರ್ಥಿಗಳಿಗೆ ತಿಳಿದಿತ್ತು, ಎರಡರಲ್ಲೂ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಬದಲಾದದ್ದು ಕೊಡುವ ಕೈ ಯಾವುದರ ಕಡೆ ಚಾಚಿತು ಅನ್ನುವುದಷ್ಟೇ.

ಯಾಕೆ ಹೀಗೆ ಅನ್ನುವುದಕ್ಕೆ ರಾಸ್ ಹಲವು ಕಾರಣ ಕೊಡುತ್ತಾರೆ. ನನ್ನ ಮಗಳ ತಲೆಯೊಳಗೆ ಎರಡು ಓಡಿರಬೇಕು. ಮೊದಲನೆಯದು, "ಅಮ್ಮ ಇಷ್ಟು ಸುಲಭವಾಗಿ ಕೊಟ್ಟಳು ಅಂದ್ರೆ ಅದರಿಂದ ಅವಳಿಗೇನೂ ನಷ್ಟ ಇಲ್ಲ, ಹಾಗಾದ್ರೆ ನನಗೆ ಲಾಭವೂ ಇಲ್ಲ." ಜಗಳ ನಡೆಯುವಾಗ ನಮಗೆ ಎಲ್ಲವೂ ತಕ್ಕಡಿಯಂತೆ ಕಾಣುತ್ತದೆ, ಆ ತಟ್ಟೆ ಇಳಿಯದೆ ಈ ತಟ್ಟೆ ಏರುವುದಿಲ್ಲ. ಎರಡನೆಯದು, "ಎಲ್ಲಾ ವಾರದಿಂದ ಎರಡಕ್ಕೆ ಇಳಿದಳು, ಇನ್ನೂ ಸ್ವಲ್ಪ ತಳ್ಳಿದ್ರೆ ಸೊನ್ನೆಗೂ ಇಳೀತಾಳೆ." ನಿನ್ನೆ ಕನಸಾಗಿದ್ದ ಎರಡು ಶನಿವಾರ, ನಾನು ಬಾಯಿ ಬಿಟ್ಟ ಕ್ಷಣದಲ್ಲಿ ಚೌಕಾಸಿಯ ಆರಂಭದ ಬೆಲೆಯಾಯಿತು. ನಮ್ಮ ಊರಿನ ಸಂತೆಯಲ್ಲಿ ನಾವೂ ಅಷ್ಟೇ ಅಲ್ಲವೇ? ಸೌತೆಕಾಯಿಯವನು ನಾವು ಕೇಳಿದ ಬೆಲೆಗೆ ಒಂದೇ ಮಾತಿಗೆ ಕೊಟ್ಟುಬಿಟ್ಟರೆ ಮನೆವರೆಗೂ ಕೊರಗುತ್ತೇವೆ, ಇನ್ನೂ ಕಡಿಮೆಗೆ ಕೇಳಬೇಕಿತ್ತು ಅಂತ.

ನನ್ನ ತಲೆಯೊಳಗೆ ಓಡಿದ್ದು ಮೊದಲ ಕಾರಣದ ಮತ್ತೊಂದು ರೂಪ. ಅವಳ ಸಲಹೆಯನ್ನು ನಾನು ತೂಗಲೇ ಇಲ್ಲ. ಅವಳ ಉದ್ದೇಶವನ್ನು ತೂಗಿದೆ. ನಿಮ್ಮನ್ನು ನೀವೇ ಹಿಡಿಯಬೇಕಾದರೆ ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ಗುರುತು ಇದು: ನಿಮ್ಮ ಬಾಯಿಂದ ಬಂದ ಮೊದಲ ವಾಕ್ಯ ಸಲಹೆಯ ಬಗ್ಗೆ ಇತ್ತೋ, ಹೇಳಿದವರ ಬಗ್ಗೆ ಇತ್ತೋ? "ಅಜ್ಜಿಗೆ ಓದಿ ತೋರಿಸಿದರೆ ಹೊಸ ಪದ ಕಲಿಯೋದು ಹೇಗೆ?" ಅಂದಿದ್ದರೆ ಅದು ಸಲಹೆಗೆ ಕೊಟ್ಟ ಉತ್ತರ. "ತಪ್ಪಿಸ್ಕೊಳ್ಳೋಕೆ ದಾರಿ" ಅಂದದ್ದು ಅವಳಿಗೆ ಕೊಟ್ಟ ಉತ್ತರ. ಇನ್ನೊಂದು ಗುರುತು ವೇಗ. ಕುಕ್ಕರ್ ಮುಚ್ಚಳ ಕೂರುವಷ್ಟರಲ್ಲಿ ನಾನು ತೀರ್ಪು ಕೊಟ್ಟಾಗಿತ್ತು.

ಗಂಡ ಹೆಂಡತಿಯ ನಡುವೆ, ಅತ್ತೆ ಸೊಸೆಯ ನಡುವೆ ಇದು ಇನ್ನೂ ಚೆನ್ನಾಗಿ ಬೆಳೆಯುವ ಬೆಳೆ. ಊರಿನಿಂದ ಅತ್ತೆ "ಊಟದ ಹೊತ್ತಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡ್ರಮ್ಮ" ಅಂದಾಗ ಅದು ಮೂಗು ತೂರಿಸುವುದು. ಅದನ್ನೇ ಸ್ಪೀಚ್ ಥೆರಪಿಸ್ಟ್ ಹೇಳಿದರೆ ಅದು ವಿಜ್ಞಾನ. ಹೆಚ್ಚು ಬಿಡಿಸುವುದು ಬೇಡ, ಓದುವವರಿಗೆ ಅವರವರ ಮನೆಯ ಉದಾಹರಣೆ ಈಗಾಗಲೇ ನೆನಪಾಗಿರುತ್ತದೆ.

ಹಾಗಂತ ಹೇಳಿದವರು ಯಾರು ಎಂದು ನೋಡುವುದೇ ತಪ್ಪು ಅನ್ನುತ್ತಿಲ್ಲ. ಹಳೆ ಕಾರು ಮಾರುವವನೇ "ಇದಕ್ಕೆ ಮೆಕ್ಯಾನಿಕ್ ತೋರಿಸೋದೇನೂ ಬೇಡ" ಅಂದರೆ ಅನುಮಾನ ಪಡಲೇಬೇಕು, ಏಕೆಂದರೆ ಇಂಜಿನ್ನಿನ ಒಳಗೆ ಏನಿದೆ ಅಂತ ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ನಾವೇ ನೋಡಿ ತಿಳಿಯಲಾಗದ್ದು ಸಲಹೆಯ ಒಳಗಿದ್ದಾಗ ಹೇಳಿದವರ ಹೆಸರು ಒಂದು ಮಾಹಿತಿ. ವಾರಕ್ಕೆ ಇಪ್ಪತ್ತು ನಿಮಿಷ ಅಜ್ಜಿಗೆ ಓದುವುದರಲ್ಲಿ ನನಗೆ ಕಾಣದ್ದು ಏನಿತ್ತು? ಎರಡು ವಾರ ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಇನ್ನು ದಾರಿಗಳಿಗೆ ಬರೋಣ. ಮೊದಲು ನಾನು ಮಾಡಿದ ತಪ್ಪು ದಾರಿ ಹೇಳಿಬಿಡುತ್ತೇನೆ, ನಿಮಗೂ ಅದೇ ಹೊಳೆದಿರಬಹುದು. ಹೆಸರೇ ತೊಂದರೆಯಾದರೆ ಹೆಸರನ್ನು ಮರೆಮಾಡೋಣ ಅಂತ ನನ್ನ ನಾದಿನಿಯಿಂದಲೇ ಮಗಳಿಗೆ ಹೇಳಿಸಿದೆ, "ಎರಡು ಶನಿವಾರಕ್ಕೆ ಒಪ್ಕೋ ಪುಟ್ಟಿ" ಅಂತ. ಮೂರನೇ ವಾಕ್ಯಕ್ಕೇ ಸಿಕ್ಕಿಬಿದ್ದೆವು. "ಇದು ಅಮ್ಮ ಹೇಳಿಸ್ತಿರೋದಲ್ವಾ ಅತ್ತೆ?" ಆಮೇಲೆ ಅತ್ತೆಯ ಮಾತಿಗೂ ಬೆಲೆ ಇಳಿಯಿತು. ಮೂರನೆಯವರನ್ನು ಗುಟ್ಟಾಗಿ ಬಳಸಿದರೆ ನಿಮ್ಮ ಬಳಿ ಇದ್ದ ಒಬ್ಬ ತಟಸ್ಥರೂ ಎದುರು ಪಕ್ಷಕ್ಕೆ ಸೇರಿದಂತಾಗುತ್ತದೆ. ಬೇಡದ್ದನ್ನೇ ಹೇಳಿ ಬೇಕಾದ್ದನ್ನು ಮಾಡಿಸುವ ಉಲ್ಟಾ ಉಪಾಯವೂ ಅಷ್ಟೇ. ನಾಲ್ಕು ವರ್ಷದವರ ಹತ್ತಿರ ನಡೆಯುತ್ತದೆ, ಹನ್ನೆರಡರವರ ಹತ್ತಿರ ಒಮ್ಮೆ ಮಾತ್ರ.

ನಾನು ಮಾಡಬೇಕಿದ್ದದ್ದು ಬೇರೆ. ಸ್ಟ್ಯಾನ್‌ಫರ್ಡಿನ ಆ ಕೆಲಸದಿಂದಲೇ ಹೊರಡುವ ಪಾಠ ಅದು: ಕೊಡುವ ಮೊದಲು ಕೇಳು. ಎದುರಿನವರು ತಮಗೆ ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವುದನ್ನು ನಿಮ್ಮ ಪ್ರಸ್ತಾಪ ಮೇಜಿನ ಮೇಲೆ ಬರುವ ಮೊದಲೇ ತಮ್ಮ ಬಾಯಿಂದ ಹೇಳಿಬಿಟ್ಟರೆ, ಆಮೇಲೆ ನೀವು ಕೊಟ್ಟದ್ದು ಅವರು ಕೇಳಿದ್ದಕ್ಕೆ ಉತ್ತರವಾಗುತ್ತದೆ. ಹೇಳದೆ ಇದ್ದರೆ ನೀವು ಕೊಟ್ಟದ್ದು ಎಲ್ಲಿಂದಲೋ ಬಂದು ಬೀಳುತ್ತದೆ, ಬಿದ್ದ ವಸ್ತುವಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಹುಳುಕನ್ನೇ. "ತಿಂಗಳಿಗೆ ಎರಡು" ಅನ್ನುವುದು ಮಗಳ ಮಾತೇ ಆಗಿದ್ದರೂ ಅವಳು ಅದನ್ನು ನನಗೆ ಹೇಳಿರಲಿಲ್ಲ. ನಾನು ಕದ್ದು ಕೇಳಿದ್ದನ್ನು ಉಡುಗೊರೆಯ ಕಾಗದದಲ್ಲಿ ಸುತ್ತಿ ಕೊಟ್ಟಿದ್ದೆ.

ಕೇಳುವುದರಲ್ಲೂ ಒಂದು ರೀತಿ ಇದೆ. "ನಿನಗೇನು ಬೇಕು ಹೇಳು" ಅಂದರೆ ಬರುವುದು ಹಳೆಯ ಘೋಷಣೆಯೇ: ಕ್ಲಾಸ್ ಬೇಡ. ಅದರ ಬದಲು ಎರಡು ಮೂರು ಸಾಧ್ಯತೆಗಳನ್ನು ಪಕ್ಕಪಕ್ಕ ಇಟ್ಟು, ಯಾವುದಕ್ಕೂ "ನಾನು ಕೊಡುವುದು" ಅನ್ನುವ ಮೊಹರು ಹಾಕದೆ, ಇವುಗಳಲ್ಲಿ ಯಾವುದು ಹೆಚ್ಚು ಕೆಟ್ಟದು ಅಂತ ಕೇಳಿ. ಕೆಟ್ಟದ್ದನ್ನು ಆರಿಸಲು ಹದಿಹರೆಯದವರಿಗೆ ಬಹಳ ಇಷ್ಟ. ಆರಿಸುವಾಗ ಕಾರಣ ಹೇಳುತ್ತಾರೆ, ನಿಮಗೆ ಬೇಕಾದದ್ದು ಆ ಕಾರಣ.

ನಮ್ಮಲ್ಲಿ ಮಾತು ಆಗಲೇ ಎಷ್ಟು ಕೆಟ್ಟಿತ್ತೆಂದರೆ ನಾನು ಕೇಳಿದರೂ ಅದು ಬಲೆ ಅಂತಲೇ ಅವಳಿಗೆ ಅನ್ನಿಸುತ್ತಿತ್ತು. ಹಾಗಾದಾಗ ಇನ್ನೊಂದು ವಿಧಾನವಿದೆ, ಅದರ ಪ್ರಸಿದ್ಧ ಉದಾಹರಣೆ 1978ರದು. ಈಜಿಪ್ಟಿನ ಅಧ್ಯಕ್ಷ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಅವರನ್ನು ಅಮೆರಿಕದ ಅಧ್ಯಕ್ಷ ಕಾರ್ಟರ್ ಕ್ಯಾಂಪ್ ಡೇವಿಡ್ ಅನ್ನುವ ಗುಡ್ಡದ ಮೇಲಿನ ವಿಶ್ರಾಂತಿಧಾಮಕ್ಕೆ ಕರೆದರು. ಮೊದಲ ಮೂರು ದಿನದ ಮುಖಾಮುಖಿ ಎಷ್ಟು ಕೆಟ್ಟದಾಗಿ ಹೋಯಿತೆಂದರೆ ಆಮೇಲೆ ಅವರಿಬ್ಬರನ್ನು ಚರ್ಚೆಗೆ ಎದುರುಬದುರು ಕೂರಿಸುವುದನ್ನೇ ಬಿಟ್ಟರು. ಅಮೆರಿಕದವರು ಎರಡೂ ಕಡೆಯವರ ಮಾತು ಬೇರೆ ಬೇರೆಯಾಗಿ ಕೇಳಿ ತಾವೇ ಒಂದು ಕರಡು ಬರೆದರು. ಅದನ್ನು ಇಬ್ಬರಿಗೂ ತೋರಿಸಿ, ಇದಕ್ಕೆ ಒಪ್ಪಿಗೆಯೇ ಅಂತ ಕೇಳಲಿಲ್ಲ. ಇದರಲ್ಲಿ ತಪ್ಪೇನಿದೆ ಅಂತ ಕೇಳಿದರು. ಬಂದ ತಕರಾರುಗಳನ್ನು ಇಟ್ಟುಕೊಂಡು ಮತ್ತೆ ಬರೆದರು. ಹೀಗೆ ಹದಿಮೂರು ದಿನದಲ್ಲಿ ಸುಮಾರು 23 ಕರಡುಗಳಾದವು. ಕೊನೆಯದನ್ನು ಇಟ್ಟು ಮಾತ್ರ ಹೌದೋ ಅಲ್ಲವೋ ಅಂತ ಕೇಳಿದ್ದು. ಮರುವರ್ಷ ಮಾರ್ಚ್‌ನಲ್ಲಿ ಎರಡೂ ದೇಶಗಳ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಸಂಧಾನದವರು ಈ ವಿಧಾನವನ್ನು ಒಂದೇ ಪಠ್ಯದ ವಿಧಾನ ಅನ್ನುತ್ತಾರೆ.

ಇದರ ಜಾಣತನ ನೋಡಿ. ಕರಡು ಯಾರದೂ ಅಲ್ಲ, ಹಾಗಾಗಿ ಬೆಲೆ ಇಳಿಸಲು ಎದುರಾಳಿಯ ಹೆಸರಿಲ್ಲ. ಕೊಟ್ಟೆ, ಬಿಟ್ಟೆ ಅನ್ನುವ ಲೆಕ್ಕವೂ ಇಲ್ಲ, ಏಕೆಂದರೆ ಕೊನೆಯವರೆಗೆ ಯಾರೂ ಯಾವುದಕ್ಕೂ ಒಪ್ಪಬೇಕಾಗಿಲ್ಲ. ಮತ್ತು ಟೀಕಿಸುವುದು ಎಲ್ಲರಿಗೂ ಬರುತ್ತದೆ. ಟೀಕೆಯ ಮೂಲಕವೇ ಅವರ ನಿಜವಾದ ಅಗತ್ಯ ಹೊರಬರುತ್ತದೆ.

ನಮ್ಮ ಮನೆಯ ಕಾರ್ಟರ್ ಮೈಸೂರಿನಲ್ಲಿರುವ ನನ್ನ ತಮ್ಮ. ಈ ಸಲ ಗುಟ್ಟಿರಲಿಲ್ಲ, ಇಬ್ಬರ ಎದುರಿಗೇ ಕೇಳಿದೆ: "ಮಾಮ ಒಂದು ಕಾಗದ ಬರೀಲಿ, ನಾವಿಬ್ಬರೂ ಅದನ್ನ ಬೈಯೋಣ, ಆಗಬಹುದಾ?" ಬೈಯುವುದಕ್ಕೆ ಮಗಳು ಕೂಡಲೇ ಒಪ್ಪಿದಳು. ಅವನು ಇಬ್ಬರ ಜತೆಗೂ ಬೇರೆ ಬೇರೆಯಾಗಿ ಕಾಲು ಗಂಟೆ ಮಾತಾಡಿ, ಒಂದು ಕರಡು ಕಳಿಸಿದ. ಅವನು ಹಾಕಿದ ನಿಯಮ ಒಂದೇ, ಸರಿ ಅಥವಾ ಸರಿಯಿಲ್ಲ ಅನ್ನಕೂಡದು, ಎಲ್ಲಿ ಚುಚ್ಚುತ್ತದೆ ಅಂತ ಮಾತ್ರ ಬರೆಯಬೇಕು.

ಮೊದಲ ಕರಡು ಸಪ್ಪೆಯಾಗಿತ್ತು: ನೆಟ್‌ಬಾಲ್ ಇರುವ ಎರಡು ಟರ್ಮ್‌ಗಳಲ್ಲಿ ವಾರ ಬಿಟ್ಟು ವಾರ ಕನ್ನಡ ಶಾಲೆ, ಉಳಿದ ಎರಡು ಟರ್ಮ್‌ಗಳಲ್ಲಿ ಪ್ರತಿ ವಾರ. ನಾನು ಬರೆದ ಟೀಕೆ ಹೀಗಿತ್ತು. ಹತ್ತು ವಾರದ ಟರ್ಮಿನಲ್ಲಿ ಐದು ವಾರ ತಪ್ಪಿದರೆ ಓದುವ ಅಭ್ಯಾಸ ಹೋಗುತ್ತದೆ, ಮಾತು ಉಳಿಯುತ್ತದೆ ಆದರೆ ಅಕ್ಷರ ಮರೆಯುತ್ತದೆ. ಬರೆಯುವಾಗಲೇ ನನಗೆ ತಿಳಿದದ್ದು, ನನ್ನ ಭಯ ತರಗತಿ ತಪ್ಪುವುದರ ಬಗ್ಗೆ ಅಲ್ಲವೇ ಅಲ್ಲ, ನನ್ನ ಅಮ್ಮ ಅವಳಿಗೆ ಬರೆಯುವ ಪತ್ರವನ್ನು ಅವಳು ನನ್ನ ಹತ್ತಿರ ಓದಿಸಿಕೊಳ್ಳಲು ತರುವ ದಿನದ ಬಗ್ಗೆ. ಮಗಳು ಬರೆದದ್ದು ನನ್ನನ್ನು ಇನ್ನಷ್ಟು ಬೆಚ್ಚಿಸಿತು. ಅದರಲ್ಲಿ ನೆಟ್‌ಬಾಲ್ ಎರಡನೇ ಸಾಲಿನಲ್ಲಿತ್ತು. ಮೊದಲ ಸಾಲು: "ನಾನು ತಮ್ಮನ ಗುಂಪಿನಲ್ಲಿ ಕೂರಲ್ಲ. ಅಲ್ಲಿ ಎಲ್ಲರೂ ಏಳು ವರ್ಷದವರು. ನಾನೊಬ್ಬಳೇ ದೊಡ್ಡವಳು, ಕಾಗುಣಿತ ಹೇಳಬೇಕು." ಅವಳು ಅಕ್ಷರ ಕಲಿಯಲು ಶುರು ಮಾಡಿದ್ದು ತಡವಾಗಿ, ಹಾಗಾಗಿ ಚಿಕ್ಕವರ ಗುಂಪಿಗೆ ಹಾಕಿದ್ದರು. ಮೂರು ತಿಂಗಳ ಜಗಳದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ನಾನು ಶನಿವಾರಗಳ ಸಂಖ್ಯೆಯನ್ನು ಏರಿಸಿ ಇಳಿಸುತ್ತಿದ್ದೆ, ಅವಳಿಗೆ ಸಂಖ್ಯೆ ಮುಖ್ಯವೇ ಆಗಿರಲಿಲ್ಲ.

ಎರಡನೇ ಕರಡಿನಲ್ಲಿ ಗುಂಪು ಬದಲಾಯಿತು. ಟೀಚರನ್ನು ಕೇಳಿದೆವು, ದೊಡ್ಡವರ ಗುಂಪಿನಲ್ಲಿ ಕೂರಲಿ, ಓದುವಾಗ ಪಕ್ಕದವಳು ಸಹಾಯ ಮಾಡಲಿ ಅಂದರು. ಮೂರನೆಯದರಲ್ಲಿ ವಾರ ಬಿಟ್ಟು ವಾರ ಅನ್ನುವುದು ಹೋಗಿ ಪಂದ್ಯದ ವೇಳೆಗೆ ಗಂಟು ಬಿತ್ತು. ಒಂಬತ್ತರ ಪಂದ್ಯವಾದರೆ ಮುಗಿಸಿಕೊಂಡು ಹತ್ತೂವರೆಗೆ ತರಗತಿಗೆ ಹೋಗುವುದು. ಹತ್ತು ಅಥವಾ ಹನ್ನೊಂದರ ಪಂದ್ಯವಾದರೆ ತರಗತಿ ಇಲ್ಲ, ಬುಧವಾರ ಸಂಜೆ ಇಪ್ಪತ್ತು ನಿಮಿಷ ಅಜ್ಜಿಗೆ ಓದುವುದು. ಹೌದು, ಅದೇ ಅವಳ ಹಳೆ ಸಲಹೆ. ನಾಲ್ಕನೆಯದರಲ್ಲಿ ನಾನು ಒಂದು ಪದ ಸೇರಿಸಿಸಿದೆ: ಓದುವುದು ಹೊಸ ಪುಟ ಆಗಿರಬೇಕು. ಅವಳೂ ಒಂದು ಸೇರಿಸಿದಳು: ಅಮ್ಮ ಆ ಕೋಣೆಯಲ್ಲಿ ಇರಬಾರದು. ಚುಚ್ಚಿತು, ಆದರೆ ಅದಕ್ಕೆ ಟೀಕೆ ಬರೆಯಲು ಕಾರಣ ಸಿಗಲಿಲ್ಲ.

ಇಷ್ಟಕ್ಕೆ ಹಿಡಿದದ್ದು ಹದಿನೈದು ದಿನ. ಅವಸರದ ವಿಷಯಗಳಿಗೆ ಈ ವಿಧಾನ ಆಗುವುದಿಲ್ಲ, ರಸ್ತೆ ದಾಟುವಾಗ ಕೈ ಹಿಡಿಯುವುದಕ್ಕೆ ಕರಡು ಬರೆಯುತ್ತಾ ಕೂರುವವರಿಲ್ಲ. ಮಧ್ಯದವರ ಮೇಲೆ ಇಬ್ಬರಿಗೂ ನಂಬಿಕೆ ಇರಬೇಕು. ನನ್ನ ತಮ್ಮನ ಬದಲು ನನ್ನ ಅಮ್ಮ ಕೂತಿದ್ದರೆ ಅದು ನನ್ನ ಪಕ್ಷದ ಕಾಗದವೇ ಆಗುತ್ತಿತ್ತು. ದಂಪತಿಗಳ ನಡುವಿನ ವಿಷಯಕ್ಕೆ ಮೂರನೆಯವರನ್ನು ಕರೆಯಲು ಇಷ್ಟವಿಲ್ಲದಿದ್ದರೆ ಇನ್ನೊಂದು ಸಣ್ಣ ಉಪಾಯ ಇದೆ, ನಾನು ಗಂಡನ ಜತೆ ಅದನ್ನೇ ಬಳಸುವುದು. ಅವರು ತಮ್ಮ ಯೋಜನೆ ಹೇಳುವ ಮೊದಲು, ನನಗೆ ಏನಿದ್ದರೆ ಸಾಕು ಅನ್ನುವುದನ್ನು ಎರಡು ಸಾಲಿನಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಕೇಳುತ್ತೇನೆ. ಮನಸ್ಸು ಬೇಡ ಅಂದಾಗ ಆ ಎರಡು ಸಾಲು ತೆರೆದು ನೋಡುತ್ತೇನೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗುವ ಲೆಕ್ಕದಲ್ಲಿ ನಾನು ಬರೆದಿದ್ದದ್ದು "ಮಕ್ಕಳು ಅಮ್ಮನ ಮನೆಯಲ್ಲಿ ಕನಿಷ್ಠ ಹತ್ತು ದಿನ". ಅವರು ಹೇಳಿದ್ದು ಹನ್ನೆರಡು ದಿನ. ನಾನು ಆಗಲೇ "ಅದೆಷ್ಟು ಕಡಿಮೆ" ಅನ್ನಲು ಬಾಯಿ ತೆರೆದಿದ್ದೆ.

ನೀವೇ ಕೊಡುವ ಸ್ಥಾನದಲ್ಲಿದ್ದರೆ, ಯಾಕೆ ಕೊಡುತ್ತಿದ್ದೀರಿ ಅಂತಲೂ ಹೇಳಿ. ಕಾರಣ ಹೇಳದ ರಿಯಾಯಿತಿಗೆ ಎದುರಿನವರು ತಾವೇ ಕಾರಣ ಹುಡುಕುತ್ತಾರೆ, ಅವರಿಗೆ ಮೊದಲು ಸಿಗುವುದು ನಿಮ್ಮ ಸ್ವಾರ್ಥ ಅಥವಾ ನಿಮ್ಮ ದೌರ್ಬಲ್ಯ. ಆ ರಾತ್ರಿ ಊಟದಲ್ಲಿ ನಾನು "ನೀನು ತಂಡ ಬಿಟ್ಟುಬರೋಕೆ ಆಗಲ್ಲ ಅಂತ ಕಳೆದ ವಾರ ಪಂದ್ಯ ನೋಡ್ದಾಗ ಅರ್ಥ ಆಯ್ತು" ಅಂತ ಒಂದು ಸಾಲು ಸೇರಿಸಿದ್ದರೆ, ಎರಡು ಶನಿವಾರ ಬಹುಶಃ ಇಷ್ಟು ಅಗ್ಗವಾಗುತ್ತಿರಲಿಲ್ಲ.

ನಾಲ್ಕನೇ ಕರಡನ್ನು ಫ್ರಿಜ್ಜಿನ ಮೇಲೆ ಅಂಟಿಸಿದ ಮೂರನೇ ವಾರಕ್ಕೆ ಮಳೆ ಬಂದು ಹತ್ತರ ಪಂದ್ಯ ರದ್ದಾಯಿತು. ಕಾಗದದಲ್ಲಿ ಅದಕ್ಕೆ ನಿಯಮ ಇರಲಿಲ್ಲ. "ಪಂದ್ಯ ಇಲ್ಲ ಅಂದ್ಮೇಲೆ ಕ್ಲಾಸಿಗೆ ಹೊರಡು" ಅಂದೆ. "ನೀನು ಹೇಳ್ತಿದ್ದೀಯ ಅಂದ್ರೆ ಏನೋ ಇದೆ" ಅಂದಳು. ಇಬ್ಬರೂ ಒಂದು ಕ್ಷಣ ಸುಮ್ಮನೆ ನಿಂತೆವು. ಆಮೇಲೆ ಅವಳೇ ಮಾಮನಿಗೆ ಸಂದೇಶ ಕಳಿಸಿದಳು. ಮೈಸೂರಿನಲ್ಲಿ ಇನ್ನೂ ನಸುಕು, ಅವನು ಎದ್ದಿರಲಿಲ್ಲ. ಉತ್ತರ ಬರುವ ಹೊತ್ತಿಗೆ ತರಗತಿ ಮುಗಿದಿತ್ತು, ಆ ವಾರ ಅವಳು ಹೋಗಲಿಲ್ಲ. ಐದನೇ ಕರಡಿನಲ್ಲಿ ಈಗ ಮಳೆಗೆ ಒಂದು ಸಾಲಿದೆ: ಒಂಬತ್ತರೊಳಗೆ ರದ್ದಾದ ಸುದ್ದಿ ಬಂದರೆ ಶಾಲೆ, ಆಮೇಲೆ ಬಂದರೆ ಅಜ್ಜಿ. ಅದನ್ನು ಬರೆದವರು ಯಾರು ಅಂತ ಕಾಗದದ ಮೇಲೆ ಇಲ್ಲ. ಆದರೆ ಅಜ್ಜಿ ಅನ್ನುವಲ್ಲಿ ಜ ಒತ್ತು ಬಿಟ್ಟುಹೋಗಿ, ಆಮೇಲೆ ಕೆಂಪು ಪೆನ್ನಿನಲ್ಲಿ ಕೆಳಗೆ ಸೇರಿಸಿದೆ.